ಶಾಲೆಯಲ್ಲಿ ಮುಟ್ಟಿನ ಬಗ್ಗೆ ಮಾತಾಡುವುದು ಹೇಗೆ: ಚೀಟಿ ಡಬ್ಬದಿಂದ ನೋವಿನ ಕ್ಯಾಲೆಂಡರ್‌ವರೆಗೆ

ಬೆಂಗಳೂರಿನ ಶಾಲೆಗಳಿಗೆ ಹೋಗಿ ಮುಟ್ಟಿನ ಬಗ್ಗೆ ಮಾತಾಡಿ ಬಂದವರು ನನಗೆ ಹೇಳುವುದು ಹೆಚ್ಚುಕಮ್ಮಿ ಒಂದೇ ಮಾತು. "ಮುಕ್ಕಾಲು ಗಂಟೆ ಮಾತಾಡಿದೆ. ಏನಾದರೂ ಕೇಳೋದಿದ್ಯಾ ಅಂದೆ. ಒಬ್ಬಳೂ ಬಾಯಿ ಬಿಡಲಿಲ್ಲ." ಶಿಕ್ಷಕಿಯರು, ನರ್ಸ್‌ಗಳು, ಆಶಾ ಕಾರ್ಯಕರ್ತೆಯರು, ಎಲ್ಲರದೂ ಇದೇ ಕತೆ. ಇವರಿಗೆ ವಿಷಯ ಚೆನ್ನಾಗಿ ಗೊತ್ತಿರುತ್ತದೆ. ತಪ್ಪುವುದು ಕ್ರಮದಲ್ಲಿ. ಗರ್ಭಕೋಶದ ಚಿತ್ರದಿಂದ ಶುರು ಮಾಡಿ, ಸ್ವಚ್ಛತೆ ಹೇಳಿ, ಮೂಢನಂಬಿಕೆ ಬೈದು, ಕೊನೆಯ ಎರಡು ನಿಮಿಷ ಪ್ರಶ್ನೆಗೆ ಬಿಡುತ್ತಾರೆ. ನೋವಿನ ಬಗ್ಗೆ "ಅದು ಸಹಜ, ಭಯ ಬೇಡ" ಅಂತ ಒಂದೇ ಸಾಲು ಹೇಳಿ ಮುಗಿಸುತ್ತಾರೆ. ಆದರೆ ಹುಡುಗಿಯರು ಶಾಲೆ ತಪ್ಪಿಸುವುದು ಬಹಳ ಸಲ ಆ ನೋವಿಗೇ.

ಇಲ್ಲಿ ನಾನು ಪ್ರಶ್ನೆಯನ್ನು ಮೊದಲಿಗೆ ತಂದಿದ್ದೇನೆ, ನೋವನ್ನು ನಡುವಿಗೆ ತಂದಿದ್ದೇನೆ, ನಂಬಿಕೆಗಳನ್ನು ಕೊನೆಗೆ ಇಟ್ಟಿದ್ದೇನೆ. ಒಂದು ಗಂಟೆ ಹತ್ತು ನಿಮಿಷ ಸಾಕು.

## ಹಂತ 1: ಒಂದು ವಾರ ಮೊದಲು ಶಾಲೆಯ ಶೌಚಾಲಯ ನೋಡಿ ಬನ್ನಿ

ಮುಖ್ಯ ಶಿಕ್ಷಕರ ಒಪ್ಪಿಗೆ ಕೇಳಲು ಹೋದ ದಿನವೇ ಹುಡುಗಿಯರ ಶೌಚಾಲಯಕ್ಕೆ ಹೋಗಿ. ನಾಲ್ಕು ವಿಷಯ ನೋಡಿ. ಒಳಗಿನಿಂದ ಚಿಲಕ ಬೀಳುತ್ತದೆಯೇ? ಮಧ್ಯಾಹ್ನ ಊಟದ ಹೊತ್ತಿಗೆ ನಲ್ಲಿಯಲ್ಲಿ ನೀರು ಇರುತ್ತದೆಯೇ? ಮುಚ್ಚಳವಿರುವ ಕಸದ ಡಬ್ಬ ಇದೆಯೇ? ಬೀಗ ಹಾಕಿಟ್ಟಿದ್ದರೆ ಕೀಲಿ ಯಾರ ಹತ್ತಿರ ಇರುತ್ತದೆ?

ಇದನ್ನು ಬಿಟ್ಟು ಹೋದರೆ ಏನಾಗುತ್ತದೆ ನೋಡಿ. ಹುಡುಗಿ ಬೆಳಿಗ್ಗೆ 7ಕ್ಕೆ ಮನೆಯಲ್ಲಿ ಪ್ಯಾಡ್ ಹಾಕಿಕೊಂಡು 7.30ಕ್ಕೆ ಬಸ್ ಹತ್ತುತ್ತಾಳೆ. ಮನೆಗೆ ಮರಳುವುದು ಸಂಜೆ 4.30ಕ್ಕೆ. ಅಲ್ಲಿಗೆ ಒಂಬತ್ತೂವರೆ ಗಂಟೆ. ಪ್ಯಾಡ್ ಅನ್ನು ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಬೇಕು ಅಂತ ನೀವು ಹೇಳುತ್ತೀರಿ. ಅಂದರೆ ಶಾಲೆಯಲ್ಲೇ ಒಂದು ಸಲ ಬದಲಿಸಬೇಕು. ಚಿಲಕವೇ ಇಲ್ಲದ ಬಾಗಿಲ ಹಿಂದೆ ಅವಳು ಬದಲಿಸುವುದಿಲ್ಲ. ನಿಮ್ಮ ಮಾತು ಅಲ್ಲಿಗೆ ಸುಮ್ನೆ ಮಾತಾಗಿಯೇ ಉಳಿಯುತ್ತದೆ.

ಚಿಲಕ ಮತ್ತು ಡಬ್ಬದ ಖರ್ಚು ಚಿಕ್ಕದು. ಅದನ್ನು ಹಾಕಿಸಿದ ಮೇಲೆ ದಿನ ಗೊತ್ತು ಮಾಡಿ. ಸರ್ಕಾರಿ ಶಾಲೆಯಾದರೆ ಶುಚಿ ಯೋಜನೆಯ ಪ್ಯಾಡ್ ಬಂದಿದೆಯೇ, ಯಾರು ಹಂಚುತ್ತಾರೆ ಎಂದೂ ಕೇಳಿಕೊಳ್ಳಿ. ಪ್ಯಾಡ್ ಕಪಾಟಿನಲ್ಲಿದ್ದು, ಕೇಳಲು ಹುಡುಗಿಯರು ನಾಚುವ ಶಾಲೆಗಳನ್ನು ನಾನು ನೋಡಿದ್ದೇನೆ.

## ಹಂತ 2: ಎರಡು ದಿನ ಮೊದಲು ಚೀಟಿ ಡಬ್ಬ

ಒಂದು ಬೂಟಿನ ಡಬ್ಬ ತೆಗೆದುಕೊಂಡು ಮೇಲೆ ಸೀಳು ಮಾಡಿ. ಪ್ರತಿ ಹುಡುಗಿಗೂ ಒಂದೇ ಅಳತೆಯ ಚೀಟಿ ಕೊಡಿ. ಹೆಸರು ಬರೆಯಬಾರದು. ಯಾವ ಭಾಷೆಯಲ್ಲಾದರೂ ಬರೆಯಬಹುದು. ಬೆಂಗಳೂರಿನ ಒಂದೇ ತರಗತಿಯಲ್ಲಿ ಕನ್ನಡ, ತಮಿಳು, ಉರ್ದು, ತೆಲುಗು, ಹಿಂದಿ ಎಲ್ಲವೂ ಇರುತ್ತವೆ. ಓದಿಸಿಕೊಳ್ಳಲು ಜನ ಸಿಗುತ್ತಾರೆ, ಆ ಶಾಲೆಯವರು ಮಾತ್ರ ಬೇಡ. ಕೈಬರಹ ಗುರುತಾಗುತ್ತದೆ.

ಹೆಚ್ಚಿನವರು ತಪ್ಪುವುದು ಇಲ್ಲಿ: "ಪ್ರಶ್ನೆ ಇದ್ದವರು ಬರೆಯಿರಿ" ಎಂದುಬಿಡುತ್ತಾರೆ. ಆಗ ಪೆನ್ನು ಹಿಡಿದವಳ ಕಡೆಗೇ ಎಲ್ಲರ ಕಣ್ಣು. ಎಲ್ಲರೂ ಬರೆಯಲೇಬೇಕು ಅನ್ನಿ. ಪ್ರಶ್ನೆ ಇಲ್ಲದವಳು ನಿನ್ನೆ ರಾತ್ರಿ ಏನು ಊಟ ಮಾಡಿದಳೋ ಅದನ್ನು ಬರೆದು ಹಾಕಲಿ. ಹೀಗೆ ಮಾಡಿದಾಗ ನಲವತ್ತು ಚೀಟಿಯಲ್ಲಿ ಹತ್ತು "ಅನ್ನ ಸಾರು" ಬರಬಹುದು. ಉಳಿದವು ನಿಮ್ಮ ಭಾಷಣವನ್ನೇ ಬದಲಿಸುತ್ತವೆ. ನನಗೆ ಬರುವ ಚೀಟಿಗಳು ಈ ಬಗೆಯವು: "ಎರಡು ತಿಂಗಳಿಂದ ಆಗಿಲ್ಲ, ಅಮ್ಮನಿಗೆ ಹೇಳಿಲ್ಲ." "ರಕ್ತ ಗಟ್ಟಿ ಗಟ್ಟಿ ಬರುತ್ತೆ, ಒಳಗೆ ಏನಾದರೂ ಕಿತ್ತು ಬರ್ತಿದ್ಯಾ?" "ಮಾತ್ರೆ ತಗೊಂಡ್ರೆ ಮುಂದೆ ಮಕ್ಕಳಾಗಲ್ವಾ?"

ಮನೆಯಲ್ಲಿ ಕೂತು ಇವನ್ನು ನೋವು, ಶುಚಿತ್ವ, ದಿನಗಳ ಲೆಕ್ಕ, ನಂಬಿಕೆ ಎಂದು ಬೇರೆ ಮಾಡಿ. ಯಾವ ಗುಡ್ಡೆ ದೊಡ್ಡದೋ ಅದಕ್ಕೆ ಜಾಸ್ತಿ ಹೊತ್ತು ಕೊಡಿ. ಯಾರೋ ಮುಟ್ಟಿ ಹಿಂಸೆ ಕೊಡುತ್ತಿದ್ದಾರೆ ಎಂಬ ಚೀಟಿ ಬಂದರೆ ಅದನ್ನು ಸಭೆಯಲ್ಲಿ ಓದಬೇಡಿ, ಯಾರದೆಂದು ತರಗತಿಯಲ್ಲಿ ಹುಡುಕಲೂ ಹೋಗಬೇಡಿ. ಅಂದೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಇದನ್ನು ತಿಳಿಸದೆ ಸುಮ್ಮನಿರುವಂತಿಲ್ಲ.

## ಹಂತ 3: ಚೀಲದಲ್ಲಿ ಏನಿರಬೇಕು

ಆರು ಪ್ಯಾಡ್, ಎರಡು ಹೊಸ ಒಳಚಡ್ಡಿ, ಒಂದು ಮೆತ್ತನೆಯ ಹತ್ತಿ ಬಟ್ಟೆ, ಐದು ಮಿಲಿಲೀಟರಿನ ಚಿಕ್ಕ ಚಮಚ, ಒಂದು ಲೋಟ ಕುಂಕುಮದ ನೀರು, ಹಳೆಯ ದಿನಪತ್ರಿಕೆ, ಕೆಂಪು ಪೆನ್ನು, ಬಿಸಿನೀರಿನ ಚೀಲ, ಹುಡುಗಿಗೊಂದರಂತೆ ಪುಟ್ಟ ಕ್ಯಾಲೆಂಡರ್ ಹಾಳೆ. ಪ್ರೊಜೆಕ್ಟರ್ ಬೇಡ. ದೀಪ ಆರಿಸಿದರೆ ಮುಖ ಕಾಣುವುದಿಲ್ಲ. ಮುಖ ನೋಡದೆ ಈ ಮಾತು ಆಡುವುದು ಕಷ್ಟ.

ಒಂದು ಗುಂಪಿನಲ್ಲಿ ಮೂವತ್ತೈದು, ನಲವತ್ತು ಹುಡುಗಿಯರು ಸಾಕು. ಆರು ಮತ್ತು ಏಳನೇ ತರಗತಿಯವರನ್ನು ಒಂಬತ್ತು, ಹತ್ತನೆಯವರ ಜೊತೆ ಕೂರಿಸಬೇಡಿ. ಚಿಕ್ಕವರಿಗೆ ಇನ್ನೂ ಶುರುವಾಗಿರುವುದಿಲ್ಲ. ದೊಡ್ಡವರು ಚಿಕ್ಕವರ ಮುಂದೆ ಬಾಯಿ ಬಿಡುವುದಿಲ್ಲ. ನೆಲದ ಮೇಲೆ ಅರ್ಧ ವೃತ್ತವಾಗಿ ಕೂರಿಸಿ, ನೀವೂ ನೆಲದ ಮೇಲೇ ಕೂರಿ.

## ಹಂತ 4: ಮೊದಲ ಹದಿನೈದು ನಿಮಿಷ, ಮೈಯ ಲೆಕ್ಕ

"ನಿಮ್ಮ ಮನೆಯಲ್ಲಿ ಇದಕ್ಕೆ ಏನಂತಾರೆ?" ಎಂದು ಕೇಳಿ ಬೋರ್ಡಿನ ಮೇಲೆ ಬರೆಯುತ್ತಾ ಹೋಗಿ. ಮುಟ್ಟು, ಹೊರಗಾಗೋದು, ರಜಾ, ಡೇಟ್, ಪಿರಿಯಡ್ಸ್. ನಗು ಬರುತ್ತದೆ, ಬರಲಿ. ನಕ್ಕ ಮೇಲೆ ಮಾತು ಸುಲಭ. ಉಳಿದ ಹೊತ್ತು "ಮುಟ್ಟು" ಎಂದೇ ಹೇಳಿ. "ಆ ಸಮಸ್ಯೆ", "ಆ ದಿನಗಳು" ಅನ್ನಬೇಡಿ. ನಿಮಗೇ ಹೆಸರು ಹೇಳಲು ಸಂಕೋಚವಾದರೆ ಅವರು ಹೇಗೆ ಹೇಳುತ್ತಾರೆ?

ಬೋರ್ಡಿನ ಮೇಲೆ ಮೈಯ ಚಿತ್ರ ಬರೆಯುವಾಗ ಒಂದು ವಿಷಯ ಬಿಡಬೇಡಿ. ಮುಂದೆ ಮೂತ್ರದ ದಾರಿ, ನಡುವೆ ಯೋನಿ, ಹಿಂದೆ ಮಲದ ದಾರಿ. ಮೂರೂ ಬೇರೆ ಬೇರೆ. ಮುಟ್ಟಿನ ರಕ್ತ ಮೂತ್ರದ ದಾರಿಯಿಂದ ಬರುತ್ತದೆ ಎಂದುಕೊಂಡ ಹುಡುಗಿಯರು ಪ್ರತಿ ಗುಂಪಿನಲ್ಲೂ ಸಿಗುತ್ತಾರೆ. ಮೂತ್ರ ಹೋದಾಗ ರಕ್ತವೆಲ್ಲ ಹೋಗಿಬಿಡುತ್ತದೆ ಎಂದು ಅವರು ಪ್ಯಾಡ್ ಬದಲಿಸದೆ ಇರುತ್ತಾರೆ.

ಆಮೇಲೆ ಕುಂಕುಮದ ನೀರು ತೆಗೆಯಿರಿ. ಒಂದು ಮುಟ್ಟಿನಲ್ಲಿ ಎಲ್ಲ ದಿನ ಸೇರಿ ಎಷ್ಟು ರಕ್ತ ಹೋಗುತ್ತದೆ ಎಂದು ಕೇಳಿ. ಒಂದು ಲೀಟರ್ ಅನ್ನುವವರಿದ್ದಾರೆ. ಪ್ಯಾಡ್ ಮೇಲೆ ಎಣಿಸುತ್ತಾ ಆರು ಚಮಚ ಸುರಿಯಿರಿ. ಅದು 30 ಮಿಲಿಲೀಟರ್. ಬಹಳ ಜನರಿಗೆ ಒಟ್ಟು ಹೋಗುವುದು ಇದರ ಆಸುಪಾಸು. ಹದಿನಾರು ಚಮಚ, ಅಂದರೆ 80 ಮಿಲಿಲೀಟರ್ ದಾಟಿದರೆ ಅದು ಜಾಸ್ತಿ ಸ್ರಾವ. "ಮೈಯಲ್ಲಿರೋ ರಕ್ತ ಎಲ್ಲಾ ಹೋಗ್ತಿದೆ" ಅನ್ನುವ ಭಯಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ.

ದಿನಗಳ ಲೆಕ್ಕ ಚಿಕ್ಕದಾಗಿ ಹೇಳಿ. ಎರಡರಿಂದ ಏಳು ದಿನ ಸ್ರಾವ ಇರಬಹುದು. ಒಂದು ಮುಟ್ಟಿನ ಮೊದಲ ದಿನದಿಂದ ಮುಂದಿನ ಮುಟ್ಟಿನ ಮೊದಲ ದಿನದವರೆಗೆ ಎಣಿಸಬೇಕು. ಶುರುವಾದ ಮೊದಲ ಎರಡು ಮೂರು ವರ್ಷ ಅದು 21ರಿಂದ 45 ದಿನದ ಒಳಗೆ ಹಿಂದೆ ಮುಂದೆ ಆಗಬಹುದು. "ಪ್ರತಿ 28 ದಿನಕ್ಕೆ ಬರಬೇಕು" ಎಂದು ಹೇಳಿದರೆ ಅರ್ಧ ತರಗತಿ ತನಗೆ ಕಾಯಿಲೆ ಇದೆ ಎಂದುಕೊಳ್ಳುತ್ತದೆ.

## ಹಂತ 5: ಶುಚಿತ್ವವನ್ನು ಕೈಯಿಂದ ಮಾಡಿ ತೋರಿಸಿ

ಪ್ಯಾಡ್ ಬಿಚ್ಚಿ ಒಳಚಡ್ಡಿಗೆ ಅಂಟಿಸಿ ತೋರಿಸಿ. ಅಂಟಿನ ಭಾಗ ಬಟ್ಟೆಗೆ ಹೋಗಬೇಕು. ಮೊದಲ ಸಲ ಉಲ್ಟಾ ಅಂಟಿಸಿಕೊಂಡು ಅತ್ತವರಿದ್ದಾರೆ. ನಂತರ ಪ್ಯಾಡನ್ನು ಒಬ್ಬಳ ಕೈಗೆ ಕೊಡಿ, ಸುತ್ತ ಹೋಗಿ ಬರಲಿ.

ತೊಳೆಯುವುದು ಬರೀ ನೀರಿನಲ್ಲಿ, ಮುಂದಿನಿಂದ ಹಿಂದಕ್ಕೆ. ಒಳಗೆ ಸೋಪು, ಡೆಟಾಲ್, ಸುವಾಸನೆಯ ದ್ರವ ಏನೂ ಬೇಡ. ಅವು ಉರಿ ತರುತ್ತವೆ. ಮುಟ್ಟಿನ ರಕ್ತಕ್ಕೆ ಸ್ವಲ್ಪ ವಾಸನೆ ಇದ್ದೇ ಇರುತ್ತದೆ. ಮೀನಿನಂಥ ಅಥವಾ ಕೊಳೆತ ವಾಸನೆ, ತುರಿಕೆ, ಜ್ವರ ಬಂದರೆ ಮಾತ್ರ ವೈದ್ಯರಿಗೆ ತೋರಿಸಬೇಕು.

ಬಟ್ಟೆ ಬಳಸುವವರ ಮುಂದೆ ಬಟ್ಟೆಯನ್ನು ಕೀಳು ಮಾಡಬೇಡಿ. ಚೆನ್ನಾಗಿ ಒಗೆದು ಒಣಗಿಸಿದ ಹತ್ತಿ ಬಟ್ಟೆಯಿಂದ ತೊಂದರೆ ಇಲ್ಲ. ಮೊದಲು ತಣ್ಣೀರಿನಲ್ಲಿ ನೆನೆಸಿ, ಸೋಪಿನಲ್ಲಿ ಒಗೆದು, ಬಿಸಿಲಿಗೆ ಹಾಕಬೇಕು. ತೊಂದರೆ ಶುರುವಾಗುವುದು ಒಣಗಿಸುವಲ್ಲಿ. ವಠಾರದ ಒಂದು ಕೋಣೆಯ ಮನೆಯಲ್ಲಿ ಹುಡುಗಿ ಅದನ್ನು ಮಂಚದ ಕೆಳಗೆ, ಬೇರೆ ಬಟ್ಟೆಯ ಅಡಿಯಲ್ಲಿ ಅಡಗಿಸುತ್ತಾಳೆ. ಅದು ತೇವವಾಗಿಯೇ ಉಳಿಯುತ್ತದೆ. ತಾರಸಿಯಲ್ಲಿ ಬೇರೆ ಬಟ್ಟೆಗಳ ನಡುವೆ ಗಾಳಿ ಬಿಸಿಲು ತಾಗುವ ಹಾಗೆ ಹಾಕಲು ಹೇಳಿ. ಜುಲೈ, ಆಗಸ್ಟಿನ ಮೋಡದ ದಿನಗಳಲ್ಲಿ ಬಿಸಿ ಇಸ್ತ್ರಿ ಹಾಕಿ ಪೂರ್ತಿ ಒಣಗಿಸಬಹುದು.

ಬಳಸಿದ ಪ್ಯಾಡನ್ನು ದಿನಪತ್ರಿಕೆಯಲ್ಲಿ ಸುತ್ತಿ, ಮೇಲೆ ಕೆಂಪು ಪೆನ್ನಿನಿಂದ ದೊಡ್ಡ ಚುಕ್ಕೆ ಇಡುವುದನ್ನು ತೋರಿಸಿ. ಬೆಂಗಳೂರಿನಲ್ಲಿ ಹಸಿ ಕಸ, ಒಣ ಕಸದ ಜೊತೆ ಇದನ್ನು ಬೆರೆಸದೆ ಬೇರೆ ಕೊಡಬೇಕು. ಚುಕ್ಕೆ ಇದ್ದರೆ ಪೌರಕಾರ್ಮಿಕರು ಬರಿಗೈಯಲ್ಲಿ ಬಿಚ್ಚಿ ನೋಡಬೇಕಾಗುವುದಿಲ್ಲ. ಕಮೋಡಿಗೆ ಹಾಕಿದರೆ ಪೈಪು ಕಟ್ಟಿಕೊಳ್ಳುತ್ತದೆ. ಆಮೇಲೆ ಶಾಲೆಯವರು ಶೌಚಾಲಯಕ್ಕೇ ಬೀಗ ಹಾಕುತ್ತಾರೆ.

## ಹಂತ 6: ನೋವಿಗೆ ಇಪ್ಪತ್ತು ನಿಮಿಷ

"ಯಾರಿಗೆ ನೋವು ಬರುತ್ತೆ, ಕೈ ಎತ್ತಿ" ಅನ್ನಬೇಡಿ. ಒಂದು ಚೀಟಿ ಓದಿ ಶುರು ಮಾಡಿ. ನಾನು ಹೇಳುವ ಕತೆ ಇದು. ಹುಡುಗಿಯನ್ನು ಸುಮಾ ಎಂದು ಕರೆಯೋಣ.

ಸುಮಾ ಒಂಬತ್ತನೇ ತರಗತಿ. ಹನ್ನೆರಡಕ್ಕೆ ಮುಟ್ಟು ಶುರುವಾಯಿತು. ಮೊದಲ ವರ್ಷ ನೋವೇ ಇರಲಿಲ್ಲ. ಹದಿಮೂರೂವರೆ ದಾಟಿದ ಮೇಲೆ ಶುರುವಾಯಿತು. ಸ್ರಾವ ಕಾಣುವ ಬೆಳಿಗ್ಗೆಯೇ ಕಿಬ್ಬೊಟ್ಟೆ ಹಿಂಡುತ್ತದೆ, ನೋವು ಸೊಂಟಕ್ಕೆ, ತೊಡೆಗೆ ಇಳಿಯುತ್ತದೆ. ಒಂದೆರಡು ಸಲ ವಾಂತಿ, ಭೇದಿ. ಮೂರನೇ ದಿನ ಏನೂ ಇರುವುದಿಲ್ಲ. ತಿಂಗಳಿಗೆ ಎರಡು ದಿನ ರಜೆ.

ಮೊದಲ ವರ್ಷ ಯಾಕೆ ನೋವಿರಲಿಲ್ಲ? ಆಗ ಅಂಡಾಣು ಬಿಡುಗಡೆಯಾಗದೆಯೇ ಮುಟ್ಟು ಬರುವುದು ಜಾಸ್ತಿ. ಅಂಡಾಣು ಬಿಡುಗಡೆ ಶುರುವಾದ ಮೇಲೆ ಗರ್ಭಕೋಶದ ಒಳಪದರದಲ್ಲಿ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ಹೆಚ್ಚಾಗುತ್ತದೆ. ಅದು ಗರ್ಭಕೋಶದ ಸ್ನಾಯುವನ್ನು ಒದ್ದೆ ಬಟ್ಟೆಯಂತೆ ಹಿಂಡುತ್ತದೆ. ಅದೇ ರಾಸಾಯನಿಕ ಕರುಳಿಗೂ ತಾಗುವುದರಿಂದ ಭೇದಿ, ವಾಂತಿ. ಇಷ್ಟು ಹೇಳಿದಾಗ ಹುಡುಗಿಯರ ಮುಖ ಸಡಿಲವಾಗುತ್ತದೆ. ನೋವಿಗೆ ಒಂದು ಕಾರಣ ಇದೆ, ತಾನು ನಾಟಕ ಮಾಡುತ್ತಿಲ್ಲ ಎಂದು ಅವರಿಗೆ ಗೊತ್ತಾಗುತ್ತದೆ.

ಸುಮಾ ಏನು ಮಾಡುತ್ತಿದ್ದಳು? ತಿಂಡಿ ಬಿಟ್ಟು, ಮಧ್ಯಾಹ್ನದವರೆಗೆ ತಡೆದು, ಇನ್ನು ಆಗುವುದೇ ಇಲ್ಲ ಎಂದಾಗ ಖಾಲಿ ಹೊಟ್ಟೆಗೆ ಮಾತ್ರೆ ನುಂಗುತ್ತಿದ್ದಳು. ಅದು ವಾಂತಿಯಾಗಿ ಹೋಗುತ್ತಿತ್ತು. "ಮಾತ್ರೆ ನನಗೆ ಕೆಲಸ ಮಾಡಲ್ಲ" ಎಂದು ಅವಳ ತೀರ್ಮಾನ. ಆದರೆ ಐಬುಪ್ರೊಫೆನ್, ಮೆಫೆನಾಮಿಕ್ ಆಸಿಡ್‌ನಂಥ ಮಾತ್ರೆಗಳು ಪ್ರೊಸ್ಟಾಗ್ಲಾಂಡಿನ್ ತಯಾರಾಗುವುದನ್ನು ತಡೆಯುತ್ತವೆ. ತಯಾರಾಗಿ ಹರಡಿದ್ದನ್ನು ಹಿಂದಕ್ಕೆ ಎಳೆಯುವುದಿಲ್ಲ. ಅದಕ್ಕೇ ನೋವು ಶುರುವಾಗುವ ಹೊತ್ತಿಗೇ ತೆಗೆದುಕೊಳ್ಳಬೇಕು, ಏನಾದರೂ ತಿಂದು ತೆಗೆದುಕೊಳ್ಳಬೇಕು, ವೈದ್ಯರು ಹೇಳಿದ ಅಂತರದಲ್ಲಿ ಮೊದಲ ಒಂದೆರಡು ದಿನ ಮುಂದುವರಿಸಬೇಕು.

ಅವಳ ಅಮ್ಮ ಅವಳನ್ನು ಒಮ್ಮೆ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದರು. ವೈದ್ಯರು ತೂಕ ನೋಡಿ ಡೋಸ್ ಬರೆದುಕೊಟ್ಟರು. ಕ್ಯಾಲೆಂಡರ್ ಹಾಳೆಯಲ್ಲಿ ಸುಮಾ ಪ್ರತಿ ಮುಟ್ಟಿನ ದಿನ ನೋವಿಗೆ ಸೊನ್ನೆಯಿಂದ ಹತ್ತರ ಒಳಗೆ ಒಂದು ಅಂಕ ಹಾಕಿದಳು. ರಜೆ ಹಾಕಿದ ದಿನಕ್ಕೆ ಒಂದು ಗೆರೆ. ಮೊದಲ ತಿಂಗಳು 8, ಎರಡು ಗೆರೆ. ಎರಡನೆಯ ತಿಂಗಳು ಇಡ್ಲಿ ತಿಂದು ಬೇಗ ಮಾತ್ರೆ ತೆಗೆದುಕೊಂಡಳು, 5, ಒಂದು ಗೆರೆ. ಮೂರನೆಯ ತಿಂಗಳು 3, ಗೆರೆ ಇಲ್ಲ. ನೋವು ಪೂರ್ತಿ ಹೋಗಲಿಲ್ಲ. ಶಾಲೆಗೆ ಬರುವಷ್ಟು ಕಡಿಮೆಯಾಯಿತು.

ಜೊತೆಗೆ ಶಾಖ. ಬಿಸಿನೀರಿನ ಚೀಲವನ್ನು ಬಟ್ಟೆಯಲ್ಲಿ ಸುತ್ತಿ ಕಿಬ್ಬೊಟ್ಟೆಯ ಮೇಲೆ ಹದಿನೈದು, ಇಪ್ಪತ್ತು ನಿಮಿಷ ಇಡುವುದು. ಚೀಲ ಇಲ್ಲದಿದ್ದರೆ ಬಿಸಿನೀರು ತುಂಬಿದ ಸ್ಟೀಲ್ ಬಾಟಲಿಗೆ ಟವೆಲ್ ಸುತ್ತಿದರೂ ಆಗುತ್ತದೆ. ನಡೆದಾಡುವುದೂ ಒಳ್ಳೆಯದೇ.

ಇಲ್ಲಿ ಎಚ್ಚರಿಕೆ ಬಿಡಬೇಡಿ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಇರುವವರು, ನೋವಿನ ಮಾತ್ರೆಯಿಂದ ಉಬ್ಬಸ ಬರುವವರು ಈ ಮಾತ್ರೆಗಳನ್ನು ಮುಟ್ಟಬಾರದು. ಮಳೆಗಾಲದಲ್ಲಿ ಜ್ವರ ಇದ್ದರೆ, ಡೆಂಗಿ ಇರಬಹುದು ಎಂಬ ಅನುಮಾನ ಇದ್ದರೂ ಬೇಡ, ರಕ್ತಸ್ರಾವ ಹೆಚ್ಚಬಹುದು. ಶಿಕ್ಷಕಿಯರು ತಮ್ಮ ಪರ್ಸಿನಿಂದ ಮಾತ್ರೆ ತೆಗೆದು ಕೊಡುವುದನ್ನು ನಿಲ್ಲಿಸಿ ಎಂದು ಅವರಿಗೆ ಬೇರೆಯಾಗಿ ಹೇಳಿ.

## ಹಂತ 7: ಯಾವಾಗ ವೈದ್ಯರ ಹತ್ತಿರ ಹೋಗಬೇಕು

ಇದನ್ನು ಬೋರ್ಡಿನ ಮೇಲೆ ಬರೆದು ಹಾಗೇ ಬಿಡಿ.

- ಮೂರು ತಿಂಗಳು ಸರಿಯಾಗಿ ಮಾತ್ರೆ ತೆಗೆದುಕೊಂಡರೂ ಶಾಲೆ ತಪ್ಪುತ್ತಿದೆ. ಅಥವಾ ನೋವು ತಿಂಗಳಿಂದ ತಿಂಗಳಿಗೆ ಏರುತ್ತಿದೆ, ಮುಟ್ಟಿಲ್ಲದ ದಿನವೂ ಇದೆ.
- ಪ್ರತಿ ತಿಂಗಳು ಹೊಟ್ಟೆನೋವು ಬರುತ್ತದೆ, ಆದರೆ ಮುಟ್ಟು ಇನ್ನೂ ಕಂಡೇ ಇಲ್ಲ. ರಕ್ತ ಹೊರಬರುವ ದಾರಿ ಮುಚ್ಚಿರಬಹುದು.
- ಒಂದು ಬದಿಯಲ್ಲಿ ಇದ್ದಕ್ಕಿದ್ದಂತೆ ಜೋರು ನೋವು, ವಾಂತಿ. ಅಂಡಾಶಯ ತಿರುಚಿಕೊಂಡಿರಬಹುದು. ಅದೇ ಗಂಟೆ ಆಸ್ಪತ್ರೆಗೆ ಹೋಗಬೇಕು.
- ಒಂದೆರಡು ಗಂಟೆಗೇ ಪ್ಯಾಡ್ ತುಂಬುತ್ತದೆ, ರೂಪಾಯಿ ನಾಣ್ಯಕ್ಕಿಂತ ದೊಡ್ಡ ಗಡ್ಡೆ ಬರುತ್ತದೆ, ಏಳು ದಿನ ದಾಟುತ್ತದೆ.
- ಮೂರು ತಿಂಗಳು ಮುಟ್ಟಾಗಿಲ್ಲ, ಅಥವಾ ಹದಿನೈದು ತುಂಬಿದರೂ ಶುರುವಾಗಿಲ್ಲ.

ಜಾಸ್ತಿ ಸ್ರಾವದ ಹುಡುಗಿಯನ್ನು ಗುರುತಿಸಲು ಇನ್ನೊಂದು ದಾರಿ ಇದೆ. "ಬಳಪ, ಮಣ್ಣು, ಹಸಿ ಅಕ್ಕಿ ತಿನ್ನಬೇಕು ಅನಿಸುತ್ತದೆಯೇ?" ಎಂದು ಕೇಳಿ. ಇದು ಎಷ್ಟೋ ಸಲ ಕಬ್ಬಿಣಾಂಶ ಕಡಿಮೆಯಾದುದರ ಗುರುತು. ಮೆಟ್ಟಿಲು ಹತ್ತಿದರೆ ಏದುಸಿರು ಬರುವುದೂ ಹಾಗೇ. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆ ಕಬ್ಬಿಣಾಂಶದ್ದು. ಊಟದ ನಂತರ ನುಂಗಬೇಕು, ಕಾಫಿ ಟೀ ಜೊತೆ ಬೇಡ. ಮಲ ಕಪ್ಪಾದರೆ ಹೆದರಬೇಕಿಲ್ಲ. ಇದನ್ನು ಮೊದಲೇ ಹೇಳದಿದ್ದರೆ ಹುಡುಗಿಯರು ಮಾತ್ರೆಯನ್ನು ಕಿಟಕಿಯಿಂದ ಎಸೆಯುತ್ತಾರೆ.

## ಹಂತ 8: ನಂಬಿಕೆಗಳು ಕೊನೆಗೆ

ನಾನು ಶುರುವಿನ ವರ್ಷಗಳಲ್ಲಿ "ಇದೆಲ್ಲ ಮೂಢನಂಬಿಕೆ" ಎಂದೇ ಮಾತು ಆರಂಭಿಸುತ್ತಿದ್ದೆ. ಒಮ್ಮೆ ಒಬ್ಬಳು ಹುಡುಗಿ ಎದ್ದು ನಿಂತು "ನಮ್ಮಜ್ಜಿ ಸುಳ್ಳು ಹೇಳಲ್ಲ ಮಿಸ್" ಎಂದಳು. ಇಡೀ ತರಗತಿ ಅವಳ ಕಡೆ ಆಯಿತು. ಅಂದಿನಿಂದ ನಂಬಿಕೆಗಳನ್ನು ಎರಡು ಗುಂಪು ಮಾಡುತ್ತೇನೆ.

ದೇವರ ಮನೆಗೆ ಹೋಗದಿರುವುದು, ದೀಪ ಹಚ್ಚದಿರುವುದು ಮನೆಯ ಪದ್ಧತಿ. ಅದರ ಬಗ್ಗೆ ನಾನು ವಾದಕ್ಕೆ ಇಳಿಯುವುದಿಲ್ಲ. ಮೈಗೆ ಕೆಟ್ಟದ್ದು ಮಾಡುವುದರ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಸ್ನಾನ ಮಾಡಬಾರದು, ಮೊಸರು ಹುಳಿ ತಿನ್ನಬಾರದು, ನೀರು ಕಡಿಮೆ ಕುಡಿಯಬೇಕು, ಹೊರಗೆ ಚಳಿಯಲ್ಲಿ ಮಲಗಬೇಕು, ಬಟ್ಟೆ ಯಾರಿಗೂ ಕಾಣಬಾರದು. ಇವುಗಳಲ್ಲಿ ಒಂದೊಂದಕ್ಕೂ "ಹಾಗೆ ಮಾಡಿದರೆ ಮೈಗೆ ಏನಾಗುತ್ತದೆ?" ಎಂದು ಹುಡುಗಿಯರನ್ನೇ ಕೇಳಿ. ತಲೆಗೆ ಸ್ನಾನ ಮಾಡಿದರೆ ಸ್ರಾವ ನಿಲ್ಲುವುದಿಲ್ಲ. ಮೊಸರಿನಿಂದ ನೋವು ಹೆಚ್ಚುವುದಿಲ್ಲ. ಉಪ್ಪಿನಕಾಯಿ ಕೆಡುವುದು ಒದ್ದೆ ಕೈಗೆ, ಒದ್ದೆ ಚಮಚಕ್ಕೆ. ಯಾರ ಕೈ ಒದ್ದೆಯಾಗಿದ್ದರೂ ಅದು ಕೆಡುತ್ತದೆ. ಹೊರಬರುವುದು "ಕೆಟ್ಟ ರಕ್ತ" ಅಲ್ಲ, ಗರ್ಭಕೋಶ ಆ ತಿಂಗಳು ಕಟ್ಟಿಕೊಂಡ ಒಳಪದರ ಮತ್ತು ರಕ್ತ. ಸರಿಯಾಗಿ ತೆಗೆದುಕೊಂಡ ನೋವಿನ ಮಾತ್ರೆಯಿಂದ ಮುಂದೆ ಮಕ್ಕಳಾಗುವುದಕ್ಕೆ ತೊಂದರೆ ಇಲ್ಲ.

ಅಜ್ಜಿಗೆ ಏನು ಹೇಳಬೇಕು ಎಂಬುದನ್ನು ಅಭ್ಯಾಸ ಮಾಡಿಸಿ. "ಅಜ್ಜಿ, ದೇವರ ಮನೆಗೆ ಬರಲ್ಲ. ಆದ್ರೆ ಸ್ನಾನ ಮಾಡ್ತೀನಿ, ಬಟ್ಟೆ ಬಿಸಿಲಿಗೆ ಹಾಕ್ತೀನಿ. ಡಾಕ್ಟ್ರು ಹೇಳಿದಾರೆ." ಇಷ್ಟನ್ನು ಇಬ್ಬರು ಎದ್ದು ನಿಂತು ಆಡಿ ತೋರಿಸಲಿ.

ಹತ್ತನೇ ತರಗತಿಯವರಿಗೆ ಇನ್ನೊಂದು ಮಾತು ಬೇಕು. ವರಮಹಾಲಕ್ಷ್ಮಿ ಹಬ್ಬ, ಮದುವೆ, ತೀರ್ಥಯಾತ್ರೆ ಬಂದಾಗ ಮುಟ್ಟು ಮುಂದೂಡುವ ಮಾತ್ರೆಯನ್ನು ಮೆಡಿಕಲ್ ಶಾಪಿನಿಂದ ನೇರವಾಗಿ ತಂದು ಕೊಡುತ್ತಾರೆ. ಅದು ನೋರೆಥಿಸ್ಟಿರಾನ್ ಎಂಬ ಹಾರ್ಮೋನ್. ಅಪರೂಪಕ್ಕೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಮನೆಯಲ್ಲಿ ಯಾರಿಗಾದರೂ ಹಾಗೆ ಆಗಿದ್ದರೆ ಅಪಾಯ ಇನ್ನೂ ಜಾಸ್ತಿ. ವೈದ್ಯರನ್ನು ಕೇಳದೆ ನುಂಗಬಾರದು. ನುಂಗಿದ ಮೇಲೆ ಒಂದು ಕಾಲು ಊದಿ ನೋವಾದರೆ, ಉಸಿರು ಕಟ್ಟಿದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

## ಹಂತ 9: ಮುಗಿದ ಮೇಲೆ ಅರ್ಧ ಗಂಟೆ, ಮೂರು ತಿಂಗಳ ನಂತರ ಒಂದು ದಿನ

ಮಾತು ಮುಗಿದ ತಕ್ಷಣ ಹೊರಡಬೇಡಿ. ಕಾರಿಡಾರಿನಲ್ಲಿ ಪ್ಯಾಡುಗಳನ್ನು ಚೀಲಕ್ಕೆ ತುಂಬುತ್ತಾ ನಿಧಾನ ಮಾಡಿ. ಕ್ಯಾಲೆಂಡರ್ ಹಾಳೆ ಇನ್ನೊಂದು ಬೇಕು ಎಂದು ಒಬ್ಬಳು ಬರುತ್ತಾಳೆ. ಅವಳಿಗೆ ಬೇಕಾಗಿರುವುದು ಹಾಳೆ ಅಲ್ಲ ಎಂದು ನೋಡಿದರೆ ತಿಳಿಯುತ್ತದೆ. ಗೋಡೆಯ ಕಡೆ ತಿರುಗಿ ನಿಂತು ಮಾತಾಡಿ, ಬೇರೆಯವರಿಗೆ ಅವಳ ಮುಖ ಕಾಣದಿರಲಿ. ಯಾವ ಆರೋಗ್ಯ ಕೇಂದ್ರ, ಯಾವ ದಿನ, ಯಾರನ್ನು ಕೇಳಬೇಕು ಎಂದು ಚೀಟಿಯಲ್ಲಿ ಬರೆದುಕೊಡಿ. ಹದಿಹರೆಯದವರಿಗಾಗಿ ನಡೆಯುವ ಸ್ನೇಹ ಕ್ಲಿನಿಕ್ ಹತ್ತಿರದಲ್ಲಿದ್ದರೆ ಅದರ ಸಮಯವನ್ನು ಮೊದಲೇ ವಿಚಾರಿಸಿಟ್ಟುಕೊಂಡಿರಿ.

ಮೂರು ತಿಂಗಳ ನಂತರ ಅದೇ ಬೂಟಿನ ಡಬ್ಬ ತೆಗೆದುಕೊಂಡು ಮತ್ತೆ ಹೋಗಿ. ಈ ಸಲ ಚೀಟಿಯಲ್ಲಿ ಎರಡೇ ಪ್ರಶ್ನೆ. ಕಳೆದ ಮುಟ್ಟಿನಲ್ಲಿ ಶಾಲೆಯಲ್ಲಿ ಪ್ಯಾಡ್ ಬದಲಿಸಿದೆಯಾ? ನೋವಿಗೆ ಎಷ್ಟು ದಿನ ರಜೆ ಹಾಕಿದೆ? ಮೊದಲನೆಯದಕ್ಕೆ "ಇಲ್ಲ" ಜಾಸ್ತಿ ಬಂದರೆ ಹುಡುಗಿಯರಿಗೆ ಇನ್ನೊಮ್ಮೆ ಭಾಷಣ ಮಾಡಬೇಡಿ. ಶೌಚಾಲಯಕ್ಕೆ ಹೋಗಿ ಚಿಲಕ ಎಳೆದು ನೋಡಿ.